ಕೋರಿಕೆ: ಪ್ಯಾಂಟ್ರಿ ಪಕ್ಕದ ಸೀಟಿನಿಂದ ಕಿಟಕಿ ಸಾಲಿಗೆ ಬದಲಾವಣೆ

ನಮಸ್ಕಾರ ಮೇಡಂ,

ಪ್ಯಾಂಟ್ರಿ ಬಾಗಿಲ ಪಕ್ಕದ ನನ್ನ ಈಗಿನ ಸೀಟನ್ನು ಬದಲಾಯಿಸಿ, ಕಿಟಕಿ ಸಾಲಿನ ಕೊನೆಯಲ್ಲಿ ಖಾಲಿ ಇರುವ ಸೀಟನ್ನು ನನಗೆ ಕೊಡಿಸಬಹುದಾ?

ಈ ಜಾಗಕ್ಕೆ ಬಂದಾಗ ನನ್ನದು ಹೆಚ್ಚಾಗಿ ಫೈಲ್ ನೋಡುವ ಕೆಲಸ. ಆಗ ತೊಂದರೆ ಇರಲಿಲ್ಲ. ಕ್ಲೇಮ್ ಕಾಲ್‌ಗಳು ನನಗೆ ಬಂದ ಮೇಲೆ 11ರಿಂದ 1 ಗಂಟೆವರೆಗೆ ಫೋನಿನಲ್ಲೇ ಇರುತ್ತೇನೆ. ಪ್ಯಾಂಟ್ರಿಯಲ್ಲಿ ಜನ ಜಾಸ್ತಿ ಇರುವುದೂ ಅದೇ ಹೊತ್ತಿಗೆ. ಕಾಫಿ ಮಷಿನ್ ಬೀಜ ಪುಡಿ ಮಾಡುವ ಸದ್ದು, ಮೈಕ್ರೊವೇವ್ ಬೀಪ್, ಕಾರಿಡಾರ್‌ನಲ್ಲಿ ನಿಂತವರ ಮಾತು ಎಲ್ಲವೂ ಮೈಕಿನಲ್ಲಿ ಆ ಕಡೆಯವರಿಗೆ ಕೇಳಿಸುತ್ತದೆ. ಹೋದ ವಾರ ಹಿರಿಯರೊಬ್ಬರು "ಏನೂ ಕೇಳಿಸ್ತಿಲ್ಲಮ್ಮ, ಆಮೇಲೆ ಮಾಡಿ" ಅಂತ ಫೋನ್ ಇಟ್ಟುಬಿಟ್ಟರು. ಅವರ ಕ್ಲೇಮ್ ಒಂದು ದಿನ ತಡವಾಯಿತು. ಆಸ್ಪತ್ರೆ ಬಿಲ್ ಕಟ್ಟಿ ಕಾಯುತ್ತಿರುವವರಿಗೆ ಆ ಒಂದು ದಿನ ದೊಡ್ಡದೇ.

ಸದ್ದಿಗಿಂತ ನನ್ನನ್ನು ಹೆಚ್ಚು ಕಾಡುತ್ತಿರುವ ವಿಷಯ ಇನ್ನೊಂದಿದೆ. ಆ ಕಡೆಯವರಿಗೆ ಕೇಳಿಸಲಿ ಅಂತ ನಾನೂ ಜೋರಾಗಿ ಮಾತನಾಡಬೇಕಾಗುತ್ತದೆ. ಕಾಯಿಲೆ ಹೆಸರು, ಆಪರೇಷನ್ ವಿವರ, ಪಾಲಿಸಿ ನಂಬರ್ ಎಲ್ಲವನ್ನೂ ಗಟ್ಟಿಯಾಗಿ ಹೇಳಿ ಖಚಿತ ಮಾಡಿಕೊಳ್ಳುತ್ತೇನೆ. ಅಷ್ಟು ಹೊತ್ತಿಗೆ ಕಾಫಿಗೆ ಬಂದವರು, ಬೇರೆ ಟೀಮಿನವರು, ಕೆಲವೊಮ್ಮೆ ಹೊರಗಿನ ವೆಂಡರ್‌ಗಳೂ ಪಕ್ಕದಲ್ಲೇ ಇರುತ್ತಾರೆ. ಯಾರದೋ ಆರೋಗ್ಯದ ವಿಷಯ ಹೀಗೆ ನಾಲ್ಕು ಜನರ ಕಿವಿಗೆ ಬೀಳುವುದು ಸರಿಯಲ್ಲ ಅಲ್ವಾ ಮೇಡಂ?

ಆಫೀಸಿನಿಂದ ಕೊಟ್ಟ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಸೆಟ್ ಬಳಸುತ್ತಿದ್ದೇನೆ. ಎಸಿಯ ಗುಂಯ್‌ಗುಡುವಿಕೆಯಂಥ ಒಂದೇ ಸಮನೆ ಬರುವ ಸದ್ದನ್ನು ಅದು ಚೆನ್ನಾಗಿ ತಗ್ಗಿಸುತ್ತದೆ. ಜನರ ಮಾತು, ಪಾತ್ರೆ ಬಿದ್ದ ಸದ್ದು ಮಾತ್ರ ಅಷ್ಟಾಗಿ ಕಡಿಮೆ ಆಗುವುದಿಲ್ಲ. ಪ್ಯಾಂಟ್ರಿ ಬಾಗಿಲು ಮುಚ್ಚಿಡಿ ಅಂತ ಹೇಳಿಯೂ ನೋಡಿದೆ. ಟ್ರೇ ಹಿಡಿದು ಓಡಾಡುವ ಹೌಸ್‌ಕೀಪಿಂಗ್‌ನವರಿಗೆ ಅದರಿಂದ ಕಷ್ಟ. ಮಾತನಾಡುವವರ ತಪ್ಪೂ ಇಲ್ಲ, ಪ್ಯಾಂಟ್ರಿ ಇರುವುದೇ ಅದಕ್ಕೆ.

ನಾನು ಕೇಳುತ್ತಿರುವ ಸೀಟಿನಲ್ಲಿದ್ದವರು ಮೇಲಿನ ಮಹಡಿಗೆ ಹೋಗಿದ್ದಾರೆ. ಮಾನಿಟರ್, ಲ್ಯಾನ್ ಪಾಯಿಂಟ್ ಅಲ್ಲೇ ಇವೆ. ನನ್ನ ಲ್ಯಾಪ್‌ಟಾಪ್ ಮತ್ತು ಫೋನ್ ಎಕ್ಸ್‌ಟೆನ್ಷನ್ ಬದಲಾದರೆ ಸಾಕು. ನಮ್ಮ ಟೀಮ್ ಸಾಲಿನಿಂದ ಸ್ವಲ್ಪ ದೂರ ಆಗುತ್ತದೆ, ನಿಜ. ಆದರೆ ಬೆಳಗಿನ ಹಡ್ಲ್‌ಗೆ ಎಂದಿನಂತೆ ಬಂದೇ ಬರುತ್ತೇನೆ.

ಆ ಸೀಟು ಈಗಾಗಲೇ ಬೇರೆಯವರಿಗೆ ನಿಗದಿಯಾಗಿದ್ದರೆ, 11ರಿಂದ 1ರವರೆಗೆ ಚಿಕ್ಕ ಮೀಟಿಂಗ್ ರೂಮನ್ನು ಕಾಲ್‌ಗಳಿಗೆ ಬುಕ್ ಮಾಡಲು ಅನುಮತಿ ಕೊಡಿ. ಸದ್ಯಕ್ಕೆ ಅದರಲ್ಲೇ ನಿಭಾಯಿಸುತ್ತೇನೆ.

ಅಡ್ಮಿನ್‌ನವರಿಗೆ ನಿಮ್ಮಿಂದ ಒಂದು ಒಪ್ಪಿಗೆ ಮೇಲ್ ಬೇಕಂತೆ. ನೀವು ಸರಿ ಅಂದರೆ ಟಿಕೆಟ್ ನಾನೇ ಹಾಕುತ್ತೇನೆ. ತಿಂಗಳ ಕೊನೆಯಲ್ಲಿ ಕಾಲ್‌ಗಳು ಹೆಚ್ಚಾಗುತ್ತವೆ, ಅದಕ್ಕೆ ಮುಂಚೆ ಆದರೆ ತುಂಬಾ ಸಹಾಯವಾಗುತ್ತದೆ. ಮಾತನಾಡಬೇಕು ಅನಿಸಿದರೆ ಇವತ್ತು ಮೂರು ಗಂಟೆಯ ಮೇಲೆ ನಾನು ಬಿಡುವಾಗಿದ್ದೇನೆ.

ಧನ್ಯವಾದಗಳು ಮೇಡಂ.