ವಿಷಯ: ಹೈಸ್ಕೂಲ್ ಹೊಸ ಕೊಠಡಿಗಳು – ವಾರದ ವರದಿ (ಏಪ್ರಿಲ್ 18) – ಕೆಲಸ ಎರಡು ವಾರ ಹಿಂದೆ, ಒಂಬತ್ತು ದಿನ ವಾಪಸ್ ತರುವ ಯೋಜನೆ

ಸರ್, ನಮಸ್ಕಾರ.

ಮೊದಲು ಮುಖ್ಯ ವಿಷಯ. ಕಾಮಗಾರಿ ಎರಡು ವಾರ ಹಿಂದೆ ಬಿದ್ದಿದೆ. ಏಪ್ರಿಲ್ 6ಕ್ಕೆ ಆಗಬೇಕಿದ್ದ ಮೋಲ್ಡ್ ಬರುವ ಸೋಮವಾರ, 20ಕ್ಕೆ ಆಗುತ್ತದೆ. ಹೀಗೇ ಬಿಟ್ಟರೆ ಮೇ 16ರ ಬದಲು 30ಕ್ಕೆ ಕಟ್ಟಡ ಕೈಗೆ ಬರುತ್ತದೆ. ಕೆಲಸದ ಕ್ರಮ ಬದಲಿಸಿ ಅದನ್ನು ಮೇ 21ಕ್ಕೆ ತರಲು ಹೊರಟಿದ್ದೇವೆ. ಉಳಿದ ಐದು ದಿನ ಸಿಗುವುದಿಲ್ಲ. ಹಾಗಾಗಿ ಮೇ 17ರ ಭಾನುವಾರದ ಉದ್ಘಾಟನೆಯನ್ನು 24ರ ಭಾನುವಾರಕ್ಕೆ ಇಟ್ಟುಕೊಳ್ಳಬಹುದೇ ಎಂದು ಕೇಳುತ್ತಿದ್ದೇನೆ. ಹೆಚ್ಚಿನ ಹಣ ಬೇಕಾಗಿಲ್ಲ. ಆದರೆ ಮೀಸಲು ಹಣದಿಂದ ₹44,500 ಖರ್ಚು ಮಾಡಲು ನಿಮ್ಮ ಒಪ್ಪಿಗೆ ಬೇಕು.

ತಡ ಯಾಕಾಯಿತು ಅಂದರೆ, ಎಂ-ಸ್ಯಾಂಡ್. ಕಂಬಿ ಕಟ್ಟುವ ಕೆಲಸ ಏಪ್ರಿಲ್ 4ಕ್ಕೇ ಮುಗಿದಿತ್ತು. ಅದೇ ವಾರ ನಮಗೆ ಮರಳು ಕೊಡುತ್ತಿದ್ದ ಕ್ರಷರ್‌ನವರ ಸಾಗಾಟದ ಪರ್ಮಿಟ್ ಮುಗಿದು ಲಾರಿಗಳು ನಿಂತವು. ಗುತ್ತಿಗೆದಾರರು ಬೇರೆ ಕಡೆಯಿಂದ ಎರಡು ಲೋಡ್ ತರಿಸಿದರು. ನೋಡಲು ಚೆನ್ನಾಗಿಯೇ ಇತ್ತು. ಎಂಜಿನಿಯರ್ ತೊಳೆದು ಜರಡಿ ಹಿಡಿದು ನೋಡಿದಾಗ ಅದರಲ್ಲಿ ಕಲ್ಲಿನ ಪುಡಿ ಮಿತಿಗಿಂತ ಬಹಳ ಜಾಸ್ತಿ. 75 ಮೈಕ್ರಾನ್‌ಗಿಂತ ಸಣ್ಣ ಪುಡಿ ನೂರಕ್ಕೆ 15 ದಾಟಬಾರದು. ಪುಡಿ ಹೆಚ್ಚಿದ್ದರೆ ಕಾಂಕ್ರೀಟ್ ಜಾಸ್ತಿ ನೀರು ಕೇಳುತ್ತದೆ. ನೀರು ಜಾಸ್ತಿಯಾದರೆ ಬಲ ಕಡಿಮೆ, ಬಿರುಕು ಜಾಸ್ತಿ. "ಗಾರೆಗೆ ಬೇಕಾದ್ರೆ ಜರಡಿ ಹಿಡಿದು ಬಳಸಿ, ಮೋಲ್ಡ್‌ಗೆ ಬೇಡ" ಎಂದು ಅವರು ಹೇಳಿದರು. ಗುತ್ತಿಗೆದಾರರಿಗೆ ಸಿಟ್ಟು ಬಂತು, ನಾನು ಎಂಜಿನಿಯರ್ ಕಡೆ ನಿಂತೆ. ಮಕ್ಕಳು ಕೂರುವ ಕೋಣೆಯ ತಲೆ ಮೇಲಿನ ಕೆಲಸ, ಅಲ್ವಾ ಸರ್. ಇದರಲ್ಲಿ ಚೌಕಾಸಿ ಸಾಧ್ಯವಿಲ್ಲ.

ಒಳ್ಳೆಯ ಮರಳು 13ಕ್ಕೆ ಬಂತು. ಅಷ್ಟರಲ್ಲಿ ತೀರ್ಥಹಳ್ಳಿ ಕಡೆ ಸಂಜೆ ಮಳೆ ಶುರು. ಮೂರು ಸಂಜೆ ಜೋರಾಗಿ ಹೊಡೆದು ಸೆಂಟ್ರಿಂಗ್ ಹಲಗೆ ಮೇಲೆಲ್ಲ ಕೆಸರು ಕೂತಿತು. ಎರಡು ಕಡೆ ಊರೆಗಳು ನೆಲದಲ್ಲಿ ಕುಸಿದಿದ್ದವು. ಅದನ್ನೆಲ್ಲ ಸರಿಮಾಡಿ, ಮಟ್ಟ ನೋಡಿ, ಕಂಬಿ ತೊಳೆಯುವಷ್ಟರಲ್ಲಿ ಈ ವಾರ ಮುಗಿಯಿತು. ನಿನ್ನೆ ಎಂಜಿನಿಯರ್ ಪೂರ್ತಿ ಪರೀಕ್ಷೆ ಮಾಡಿ ಮೋಲ್ಡ್ ಹಾಕಲು ಸಹಿ ಹಾಕಿದ್ದಾರೆ.

ಈ ಎರಡು ವಾರ ಸುಮ್ನೆ ಕೂತಿರಲಿಲ್ಲ. ಶೌಚಾಲಯದ ಗೋಡೆಗಳು ಲಿಂಟಲ್ ದಾಟಿ ಮೇಲೆ ಬಂದಿವೆ. ಸೆಪ್ಟಿಕ್ ಟ್ಯಾಂಕ್ ಮುಗಿದಿದೆ. ಕಿಟಕಿ ಬಾಗಿಲು ಅಂಗಡಿಯಲ್ಲಿ ತಯಾರಾಗಿವೆ.

ಇನ್ನು ದಿನ ಉಳಿಸುವ ವಿಚಾರ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ "ಬೇಗ ಮಾಡಿ" ಅಂದರೆ ಎಲ್ಲಿ ಬೇಗ, ಎಲ್ಲಿ ಬೇಡ ಎನ್ನುವುದು ನಿಮಗೂ ಗೊತ್ತಿರಬೇಕು.

ಮೋಲ್ಡ್ ಹಾಕಿದ ಮೇಲೆ ಕಾಯುವ ದಿನಗಳನ್ನು ಕಡಿಮೆ ಮಾಡುವಂತಿಲ್ಲ. ಐಎಸ್ 456 ಪ್ರಕಾರ ಆರು ಮೀಟರ್‌ಗಿಂತ ಉದ್ದದ ಬೀಮ್ ಕೆಳಗಿನ ಊರೆಗಳು 21 ದಿನ ಇರಬೇಕು. ನಮ್ಮ ಕೋಣೆಯ ಬೀಮ್ 20 ಅಡಿ, ಅಂದರೆ ಆರು ಮೀಟರ್‌ಗೆ ಸ್ವಲ್ಪ ಮೇಲೆ. ಆದ್ದರಿಂದ ಮೇ 11ರವರೆಗೆ ಅವನ್ನು ಮುಟ್ಟುವುದಿಲ್ಲ. ಆದರೆ ಬೀಮ್‌ಗಳ ನಡುವಿನ ಸ್ಲ್ಯಾಬ್ ಬರೀ 12 ಅಡಿ. ಅದಕ್ಕೆ ನಿಯಮದಲ್ಲಿ ಏಳು ದಿನ ಸಾಕು. ನಾವು ಬಳಸುತ್ತಿರುವುದು ಪಿಪಿಸಿ ಸಿಮೆಂಟ್, ಅದು ನಿಧಾನವಾಗಿ ಬಲ ಹಿಡಿಯುತ್ತದೆ. ಅದಕ್ಕೇ ಎಂಜಿನಿಯರ್ ಹತ್ತು ದಿನ ಅಂದಿದ್ದಾರೆ. ಹಳೆಯ ಯೋಜನೆಯಲ್ಲಿ ಗುತ್ತಿಗೆದಾರರು ಎಲ್ಲ ಊರೆಗಳನ್ನೂ 21 ದಿನಕ್ಕೆ ಒಟ್ಟಿಗೇ ತೆಗೆದು ಆಮೇಲೆ ಗಾರೆ ಶುರು ಮಾಡುವವರಿದ್ದರು. ಈಗ ಏಪ್ರಿಲ್ 30ಕ್ಕೆ ಸ್ಲ್ಯಾಬ್ ಕೆಳಗಿನವು ಬರುತ್ತವೆ, ಬೀಮ್ ಕೆಳಗಿನವು ಹಾಗೇ ನಿಲ್ಲುತ್ತವೆ. ಮೇ 1ರಿಂದಲೇ ಒಳಗೆ ಗಾರೆ ಶುರು. ಮೇ 11ಕ್ಕೆ ಉಳಿದ ಊರೆಗಳು ಹೊರಬಿದ್ದ ಕೂಡಲೇ ನೆಲದ ಕೆಲಸ, ವೈರಿಂಗ್ ಕೊನೆ ಹಂತ, ಬಣ್ಣ. ಒಂಬತ್ತು ದಿನ ಉಳಿಯುವುದು ಇಲ್ಲೇ.

ಇದಕ್ಕೆ ಗಾರೆ ಕೆಲಸದ ಎರಡನೇ ತಂಡ ಬೇಕು. ಭದ್ರಾವತಿ ಕಡೆಯ ಮೇಸ್ತ್ರಿಯೊಬ್ಬರು ಆರು ಜನರೊಂದಿಗೆ ಬರಲು ಒಪ್ಪಿದ್ದಾರೆ. ಅವರ ಹೆಚ್ಚುವರಿ ಖರ್ಚು ₹38,000. ಟಾರ್ಪಾಲಿಗೆ ₹6,500. ಮೀಸಲು ಹಣದ ₹1,20,000ದಲ್ಲಿ ಈವರೆಗೆ ₹25,000 ಬಳಸಿದ್ದೇವೆ. ಇದೂ ಹೋದರೆ ₹50,500 ಉಳಿಯುತ್ತದೆ. ಹೊರಗಿನ ಗೋಡೆಗೆ ಕೊನೆಯ ಕೋಟ್ ಬಣ್ಣ ಮಾತ್ರ ಮಳೆಗಾಲ ಕಳೆದ ಮೇಲೆಯೇ ಹೊಡೆಸೋಣ ಎಂದು ನನ್ನ ಅಭಿಪ್ರಾಯ. ಹಸಿ ಗೋಡೆಗೆ ಹೊಡೆದರೆ ಮುಂದಿನ ವರ್ಷವೇ ಏಳುತ್ತದೆ. ಪ್ರೈಮರ್ ಮತ್ತು ಒಂದು ಕೋಟ್ ಇದ್ದರೆ ಉದ್ಘಾಟನೆಯ ದಿನ ಚೆನ್ನಾಗಿಯೇ ಕಾಣುತ್ತದೆ.

ಶಿವಮೊಗ್ಗದಿಂದ ರೆಡಿಮಿಕ್ಸ್ ತರಿಸುವುದನ್ನೂ ಯೋಚಿಸಿದೆವು. ದೂರ ಜಾಸ್ತಿ, ಶಾಲೆಯ ಹತ್ತಿರದ ಆ ಕಿರಿದಾದ ಸೇತುವೆ ನಿಮಗೆ ಗೊತ್ತೇ ಇದೆ. ಲಾರಿ ಬರುವುದೇ ಅನುಮಾನ. ಬಿಟ್ಟೆವು.

ಸೋಮವಾರ ಬೆಳಗ್ಗೆ 6ಕ್ಕೆ ಎರಡು ಮಿಕ್ಸರ್ ಇಟ್ಟು ಶುರು ಮಾಡುತ್ತೇವೆ. ಮಧ್ಯಾಹ್ನ ಎರಡರೊಳಗೆ ಮುಗಿಯಬೇಕು. ಇಲ್ಲಿ ಮಳೆ ಬರುತ್ತಿರುವುದು ನಾಲ್ಕರ ಮೇಲೆ. ಬೆಳಗ್ಗೆಯೇ ಮೋಡ ಕಟ್ಟಿದ್ದರೆ ಮಂಗಳವಾರ, ಅದೂ ಆಗದಿದ್ದರೆ ಬುಧವಾರ. 22 ದಾಟಿದರೆ ಮೇ 21ರ ದಿನಾಂಕ ನಿಲ್ಲುವುದಿಲ್ಲ. ಹಾಗೇನಾದರೂ ಆದರೆ ಶನಿವಾರದವರೆಗೆ ಕಾಯದೆ ಅವತ್ತೇ ಫೋನ್ ಮಾಡುತ್ತೇನೆ.

ನೀವು ಕೊಡಬೇಕಿದ್ದ ಮೂರನೇ ಕಂತನ್ನು ಈಗಲೇ ಕಳಿಸಬೇಡಿ. ಸೋಮವಾರದ ಕಾಂಕ್ರೀಟಿನ ಕ್ಯೂಬ್‌ಗಳ ಏಳು ದಿನದ ಪರೀಕ್ಷೆ ವರದಿ 27ಕ್ಕೆ ಬರುತ್ತದೆ. ಅದನ್ನು ನೋಡಿ ಕೊಟ್ಟರೆ ಸಾಕು. ಗುತ್ತಿಗೆದಾರರಿಗೂ ಇದನ್ನೇ ಹೇಳಿದ್ದೇನೆ, ಗೊಣಗಿದರೂ ಒಪ್ಪಿದ್ದಾರೆ.

ಉದ್ಘಾಟನೆಗೆ ಅಮ್ಮನವರನ್ನೂ ಕರೆತರುತ್ತೇನೆ ಎಂದಿದ್ದಿರಿ. ಅವರ ಪ್ರಯಾಣಕ್ಕೆ 24 ಅನುಕೂಲವೇ ಎಂದು ಕೇಳಿ ತಿಳಿಸಿ. ಟಿಕೆಟ್ ಬದಲಿಸಿಕೊಳ್ಳಬಹುದು, ಆದರೆ ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡುವುದು ಮೇ 11ರ ನಂತರವೇ ಇರಲಿ. ನಿಮ್ಮ ಅಪ್ಪಾಜಿಯವರ ಹೆಸರಿನ ಕಲ್ಲಿನ ಫಲಕದಲ್ಲಿ ದಿನಾಂಕ ಕೆತ್ತಿಸುವುದನ್ನೂ ನಿಲ್ಲಿಸಿದ್ದೇನೆ.

₹44,500ರ ಒಪ್ಪಿಗೆ ಮಂಗಳವಾರದೊಳಗೆ ಸಿಕ್ಕರೆ ಮೇಸ್ತ್ರಿಗೆ ಮುಂಗಡ ಕೊಟ್ಟು ತಂಡವನ್ನು ಹಿಡಿದಿಟ್ಟುಕೊಳ್ಳಬಹುದು. ಮದುವೆ ಸೀಸನ್ ಮುಗಿಯುವ ಮುನ್ನ ಮನೆ ಕೆಲಸ ಮುಗಿಸಿಕೊಳ್ಳುವವರು ಇಲ್ಲಿ ಬಹಳ ಜನ, ತಡಮಾಡಿದರೆ ಅವರು ಬೇರೆ ಕಡೆ ಹೋಗುತ್ತಾರೆ. ಇದೇ ಮೇಲ್‌ಗೆ "ಸರಿ" ಎಂದು ಉತ್ತರಿಸಿದರೂ ಸಾಕು. ಮೋಲ್ಡ್ ಹಾಕಿದ ದಿನದ ಫೋಟೋಗಳನ್ನು ಸೋಮವಾರ ಸಂಜೆಯೇ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಕಾಮಗಾರಿ ಉಸ್ತುವಾರಿ,
ಹಳೆ ವಿದ್ಯಾರ್ಥಿಗಳ ಸಂಘ

ಪ್ರತಿ: ಮುಖ್ಯೋಪಾಧ್ಯಾಯರು, ಎಂಜಿನಿಯರ್