ಕೆರೆಯ ದಡವನ್ನು ಮಾರ್ಚ್‌ನಲ್ಲಿ ಅಳೆಯಬೇಡಿ

ಗೋಣಿಕೊಪ್ಪಲು
ಏಪ್ರಿಲ್ 18

ಮಾನ್ಯ ಸಂಪಾದಕರೇ,

ನಮ್ಮ ಊರಿನ ದೊಡ್ಡಕೆರೆಯ ಬಡಗಣ ದಡಕ್ಕೆ ಮಣ್ಣು ತುಂಬಿ, ಅಲ್ಲಿ ವಾಹನ ನಿಲ್ದಾಣ ಮತ್ತು ವಾಯುವಿಹಾರ ಪಥ ಮಾಡುವ ಯೋಜನೆಯ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ವರದಿ ಬಂದಿತ್ತು. 'ಕೆರೆಗೆ ಯಾವ ಧಕ್ಕೆಯೂ ಇಲ್ಲ, ನೀರಿಲ್ಲದ ಒಂದೂವರೆ ಎಕರೆ ಪೈಸಾರಿ ಜಾಗವನ್ನಷ್ಟೇ ಬಳಸಲಾಗುತ್ತಿದೆ' ಎಂಬ ಮಾತು ಅದರಲ್ಲಿದೆ. ನಾವು ಆಕ್ಷೇಪಿಸುವುದು ಈ 'ನೀರಿಲ್ಲದ ಜಾಗ' ಎಂಬ ಮಾತನ್ನೇ.

ಅಳತೆ ನಡೆದದ್ದು ಮಾರ್ಚ್ ಕೊನೆಯಲ್ಲಿ. ಫೆಬ್ರವರಿಯಿಂದ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆದು ಹೊಡೆದು ಕೆರೆ ವರ್ಷದಲ್ಲೇ ಅತ್ಯಂತ ಕೆಳಗಿಳಿದಿರುವ ಹೊತ್ತು ಅದು. ಆಗ ನೀರಿನ ಅಂಚಿಗೆ ಟೇಪು ಹಿಡಿದು 'ಇಲ್ಲಿಂದಾಚೆ ದಡ' ಎಂದರೆ ಯಾವ ಕೆರೆಯಾದರೂ ಅರ್ಧ ಒಣಭೂಮಿಯಾಗುತ್ತದೆ. ಕಕ್ಕಡದಲ್ಲಿ ನೀರು ಎಲ್ಲಿ ನಿಲ್ಲುತ್ತದೋ ಅದೇ ಕೆರೆಯ ಗಡಿ. ಮಳೆಗಾಲದವರೆಗೆ ಕಾಯುವ ತಾಳ್ಮೆ ಇಲ್ಲದವರಿಗೆ ಇಂದೇ ನೋಡಬಹುದಾದ ಗುರುತುಗಳಿವೆ. ಅಳತೆಯ ಗೂಟ ನೆಟ್ಟ ಜಾಗದಲ್ಲಿ ಗುದ್ದಲಿಯಿಂದ ಒಂದಡಿ ಅಗೆಯಿರಿ. ಸುತ್ತಲ ತೋಟದ ಮಣ್ಣು ಕೆಂಪು. ಇಲ್ಲಿ ಬೂದು ಬಣ್ಣದ ಜೇಡಿ. ಅದರೊಳಗೆ ಹಳೆಯ ಬೇರಿನ ದಾರಿಯುದ್ದಕ್ಕೂ ತುಕ್ಕಿನ ಬಣ್ಣದ ಎಳೆಗಳು. ತಿಂಗಳುಗಟ್ಟಲೆ ನೀರು ನಿಂತು ಗಾಳಿಯಾಡದಿದ್ದರೆ ಮಣ್ಣಿನ ಕಬ್ಬಿಣ ಕರಗಿ ಬಣ್ಣ ಕಳೆದುಕೊಳ್ಳುತ್ತದೆ. ಬೇರು ಗಾಳಿ ತಂದ ಕಡೆ ಮಾತ್ರ ಮತ್ತೆ ತುಕ್ಕು ಹಿಡಿಯುತ್ತದೆ. ಒಂದು ಮಳೆಗೆ ಆಗುವ ಬಣ್ಣ ಇದಲ್ಲ. ಅಂಚಿನ ಮರಗಳ ಬೊಡ್ಡೆಯ ಮೇಲೆ ಒಣಗಿದ ಹೂಳಿನ ಗೆರೆಯೂ ಇದೆ, ಈಗಿನ ನೀರಿನಂಚಿನಿಂದ ಸುಮಾರು ಮೂವತ್ತು ಹೆಜ್ಜೆ ಮೇಲೆ.

ಕೆರೆ ತುಂಬಿದಾಗ ಒಂಬತ್ತು ಎಕರೆ. ಅದರಲ್ಲಿ ಒಂದೂವರೆ ಎಕರೆ ಹೋದರೆ ಏಳೂವರೆ. ಗುಡ್ಡದಿಂದ ಇಳಿಯುವ ನೀರು ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಮೊದಲು ಕೆರೆಯ ಮಟ್ಟವನ್ನು ಐವತ್ತು ಸೆಂಟಿಮೀಟರ್ ಏರಿಸುತ್ತಿದ್ದ ಮಳೆ ಇನ್ನು ಅರವತ್ತು ಏರಿಸುತ್ತದೆ. ಕೋಡಿಯ ಅಗಲ ಹಳೆಯದೇ, ಏರಿಯ ಎತ್ತರವೂ ಹಳೆಯದೇ. ಆ ಹತ್ತು ಸೆಂಟಿಮೀಟರ್ ಎಲ್ಲಿ ಹೋಗಬೇಕು? ಕೋಡಿಯಲ್ಲಿ ರಭಸ ಹೆಚ್ಚಿ ಕೆಳಗಿನ ಗದ್ದೆಯ ಬದು ಕೊಚ್ಚುತ್ತದೆ, ಇಲ್ಲವೇ ಏರಿಯ ತಗ್ಗಾದ ಕಡೆ ಹತ್ತಿ ಹರಿಯುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹರಿದ ಮೇಲೆ ತಡೆಯಲು ಹೆಚ್ಚು ಹೊತ್ತು ಸಿಗುವುದಿಲ್ಲ. 2018ರ ಆಗಸ್ಟ್ ಕಂಡ ಜಿಲ್ಲೆಗೆ ಇದನ್ನು ವಿವರಿಸಬೇಕಾಗಿ ಬಂದದ್ದೇ ಬೇಸರದ ಸಂಗತಿ.

ಬೇಸಿಗೆಯ ಲೆಕ್ಕ ಬೇರೆ. ತುಂಬಿದ ಕೆರೆಯಲ್ಲಿ ಆ ದಡದ ಮೇಲೆ ಸರಾಸರಿ ಎಂಬತ್ತು ಸೆಂಟಿಮೀಟರ್ ನೀರಿರುತ್ತದೆ ಎಂದಿಟ್ಟುಕೊಂಡರೆ ಒಂದೂವರೆ ಎಕರೆಯಲ್ಲಿ ಹಿಡಿಯುವುದು ಸುಮಾರು 48 ಲಕ್ಷ ಲೀಟರ್. ಒಂದು ಎಕರೆಗೆ ಒಂದಿಂಚು ನೀರು ಕೊಡಲು ಒಂದು ಲಕ್ಷ ಲೀಟರ್ ಬೇಕು. ರೊಬಸ್ಟಾ ಹೂವಿಗೆ ಒಂದೂವರೆ ಇಂಚು ಹೊಡೆಯುವ ಲೆಕ್ಕದಲ್ಲಿ ಇದು 32 ಎಕರೆ ತೋಟದ ಒಂದು ಸುತ್ತಿನ ನೀರು. ಈ ನೀರೆಲ್ಲ ಫೆಬ್ರವರಿಯವರೆಗೆ ಹಾಗೇ ನಿಂತಿರುವುದಿಲ್ಲ ನಿಜ. ಒಂದಷ್ಟು ಆವಿಯಾಗುತ್ತದೆ, ಒಂದಷ್ಟು ಇಂಗುತ್ತದೆ. ಇಂಗುವುದು ನಷ್ಟವಲ್ಲ. ಕೆರೆಯ ನಡುವಿನ ತಳ ವರ್ಷಗಳ ನಯವಾದ ಹೂಳಿನಿಂದ ಬಿಗಿದುಕೊಂಡಿರುತ್ತದೆ, ಅಲ್ಲಿ ನೀರು ಇಳಿಯುವುದು ಕಡಿಮೆ. ಅಂಚಿನಲ್ಲಿ ಬೇರು, ಏಡಿಯ ಬಿಲ, ಬೇಸಿಗೆಯ ಬಿರುಕು ಎಲ್ಲ ಸೇರಿ ದಾರಿ ಬಿಟ್ಟಿರುತ್ತವೆ. ಕೆಳಗಿನ ಮನೆಗಳ ಬಾವಿಗಳಿಗೆ ಏಪ್ರಿಲ್‌ನಲ್ಲಿ ನೀರು ಬರುವುದು ಹೀಗೆ.

ಜೊಂಡಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಯೋಜನೆಯವರಿಗೆ ಅದು 'ಕಳೆ'. ಮೇಲಿನ ತೋಟಗಳಿಂದ ಮಳೆನೀರು ತರುವುದು ಬರೀ ನೀರನ್ನಲ್ಲ; ಮೇಲ್ಮಣ್ಣು, ಯೂರಿಯಾ, ರಂಜಕ ಎಲ್ಲ ತರುತ್ತದೆ. ಆ ನೀರು ಜೊಂಡು, ಕೆಸವು, ಹುಲ್ಲುಗಳ ನಡುವೆ ನುಗ್ಗುವಾಗ ವೇಗ ಕಳೆದುಕೊಂಡು ಹೂಳನ್ನು ಅಲ್ಲೇ ಬಿಡುತ್ತದೆ. ರಂಜಕದ ಬಹುಪಾಲು ಮಣ್ಣಿನ ಕಣಕ್ಕೆ ಅಂಟಿಕೊಂಡು ಬರುವುದರಿಂದ ಅದೂ ಅಲ್ಲೇ ನಿಲ್ಲುತ್ತದೆ. ಯೂರಿಯಾದಿಂದ ಆಗುವ ನೈಟ್ರೇಟ್ ನೀರಿನಲ್ಲಿ ಕರಗಿರುತ್ತದೆ, ಅದನ್ನು ಹುಲ್ಲು ಸೋಸಲಾರದು. ಆದರೆ ಗಾಳಿಯಾಡದ ಆ ಬೂದು ಕೆಸರಿನ ಬ್ಯಾಕ್ಟೀರಿಯಾಗಳು, ಕೊಳೆತ ಎಲೆಯನ್ನು ಆಹಾರವಾಗಿಸಿಕೊಂಡು, ಆ ನೈಟ್ರೇಟನ್ನು ಸಾರಜನಕದ ಅನಿಲವಾಗಿ ಗಾಳಿಗೆ ಬಿಟ್ಟುಬಿಡುತ್ತವೆ. ಈ ಕೆಲಸ ಆಗುವುದು ತೆಳುನೀರು, ಕೆಸರು, ಬೇರು ಮೂರೂ ಒಟ್ಟಿಗಿರುವ ಅಂಚಿನಲ್ಲೇ ಹೆಚ್ಚು. ಅಂಚನ್ನು ಮುಚ್ಚಿ ಕಲ್ಲಿನ ತಡೆಗೋಡೆ ಕಟ್ಟಿದರೆ ಗೊಬ್ಬರದ ನೀರು ನೇರ ಆಳಕ್ಕೆ ಬೀಳುತ್ತದೆ. ಎರಡು ಮೂರು ವರ್ಷದಲ್ಲಿ ನೀರು ಹಸಿರಾಗುತ್ತದೆ, ರಾತ್ರಿ ಪಾಚಿಯೇ ಆಮ್ಲಜನಕ ಎಳೆದುಕೊಂಡು ಬೆಳಗಿನ ಜಾವ ಮೀನು ಬಾಯಿ ತೆರೆದು ಮೇಲೆ ಬರುತ್ತವೆ. ಆಗ ಕೆರೆ 'ಶುದ್ಧೀಕರಣ'ಕ್ಕೆ ಇನ್ನೊಂದು ಟೆಂಡರ್ ಕರೆಯಬೇಕಾಗುತ್ತದೆ.

ಮುಂಗಾರಿನ ಮೊದಲ ದೊಡ್ಡ ಮಳೆಗೆ ಮೀನು ಹತ್ತುವುದು ಎಲ್ಲಿಗೆ ಎಂದು ಊರಿನ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ: ಹೊಸ ನೀರು ಮುಳುಗಿಸಿದ ಹುಲ್ಲಿನ ಮೇಲಕ್ಕೆ. ಮೊಟ್ಟೆ ಅಂಟಿಕೊಳ್ಳಲು ಹುಲ್ಲು ಬೇಕು, ಮರಿಗಳಿಗೆ ದೊಡ್ಡ ಮೀನು ಬರಲಾಗದ ತೆಳುನೀರು ಬೇಕು. ಗುಳುಮುಳುಕ, ಹುಂಡುಕೋಳಿ, ದೇವನಕ್ಕಿ ಗೂಡು ಕಟ್ಟುವುದೂ ಈ ಪಟ್ಟಿಯಲ್ಲೇ, ಅಥವಾ ಅದಕ್ಕೆ ತಾಗಿ ತೇಲುವ ಎಲೆಗಳ ಮೇಲೆ. ನೆಟ್ಟಗೆ ನಿಂತ ಗೋಡೆಯ ಬುಡದಲ್ಲಿ ಇವು ಯಾವುವೂ ಬದುಕುವುದಿಲ್ಲ. ನೀರಿಗೆ ಬಿದ್ದ ಕರುವೂ ಅಲ್ಲಿ ಮೇಲೆ ಹತ್ತಲಾರದು.

ಸೊಳ್ಳೆಯ ಮಾತು ಬಂದೇ ಬರುತ್ತದೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಹಳೆ ಟಯರು, ಡ್ರಮ್ಮು, ತೆಂಗಿನ ಚಿಪ್ಪಿನಲ್ಲಿ. ಮೀನು ಮತ್ತು ಏರೋಪ್ಲೇನ್ ಚಿಟ್ಟೆಯ ಮರಿಗಳು ಇರುವ ತೆರೆದ ಅಂಚಿನಲ್ಲಿ ಸೊಳ್ಳೆಮರಿ ಉಳಿಯುವುದು ಕಷ್ಟ. ಚರಂಡಿಯ ಕೊಳಚೆ ಬಂದು ಸೇರುವ ಮೂಲೆಯಲ್ಲಿ ಸೊಳ್ಳೆ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ತಿರುಗಿಸಬೇಕಾದದ್ದು ಆ ಚರಂಡಿಯನ್ನು.

ಪರಿಸರದ ಮಾತು ಬೇಡ ಎನ್ನುವವರು ಕಟ್ಟಡದ ಮಾತನ್ನಾದರೂ ಕೇಳಲಿ. ಆ ಜಾಗವನ್ನು ತುಂಬಿದ ಕೆರೆಯ ಮಟ್ಟಕ್ಕಿಂತ ಅರ್ಧ ಮೀಟರ್ ಎತ್ತರಿಸಲು ಬೇಕಾದ ಮಣ್ಣು ಸುಮಾರು 7,900 ಘನ ಮೀಟರ್. ಟಿಪ್ಪರ್‌ಗೆ ಐದು ಘನ ಮೀಟರ್ ಎಂದರೂ 1,600 ಲೋಡ್‌ಗೆ ಹತ್ತಿರ. ದಮ್ಮಸು ಮಾಡಿ ಬಿಗಿಯಾದಷ್ಟೂ ಇನ್ನೂ ಹೆಚ್ಚು ಬೇಕು. ಇಷ್ಟು ಮಣ್ಣು ಎಲ್ಲಿಂದ? ಯಾವುದೋ ಬರೆಯನ್ನು ಕಡಿದೇ ತರಬೇಕು. ಇಳಿಜಾರಿನ ಬುಡ ಕಡಿದರೆ ಏನಾಗುತ್ತದೆ ಎಂಬ ಪಾಠ ಕೊಡಗಿಗೆ ಹೊಸದಲ್ಲ. ತಂದು ಸುರಿದದ್ದೂ ನಿಲ್ಲುವುದಿಲ್ಲ: ಕೊಳೆತ ಎಲೆ ತುಂಬಿದ ಮೆತ್ತನೆ ಕೆಸರಿನ ಮೇಲಿನ ಮಣ್ಣು ವರ್ಷಗಟ್ಟಲೆ ಕೂರುತ್ತಾ ಹೋಗುತ್ತದೆ, ಅದೂ ಒಂದೊಂದು ಕಡೆ ಒಂದೊಂದು ರೀತಿ. ಇಂಟರ್‌ಲಾಕ್ ಕಲ್ಲು ಅಲೆಯಲೆಯಾಗುತ್ತದೆ. ಫೆಬ್ರವರಿಯಲ್ಲಿ ಹತ್ತಾರು ಮೋಟಾರುಗಳು ಒಟ್ಟಿಗೆ ಎಳೆದು ಕೆರೆಯ ಮಟ್ಟ ಬೇಗ ಇಳಿದಾಗ ತಡೆಗೋಡೆಯ ಹಿಂದಿನ ಮಣ್ಣು ಇನ್ನೂ ನೀರು ಕುಡಿದೇ ಇರುತ್ತದೆ. ಎದುರಿನಿಂದ ಒತ್ತಿ ಹಿಡಿಯುತ್ತಿದ್ದ ನೀರು ಇರುವುದಿಲ್ಲ. ಗೋಡೆ ಕೆರೆಯ ಕಡೆಗೆ ವಾಲುವುದು ಆಗಲೇ. ಗೋಡೆಯಲ್ಲಿ ಬಸಿಗಂಡಿ ಬಿಡುತ್ತೇವೆ ಎನ್ನುತ್ತಾರೆ; ಹಿಂದೆ ಜಲ್ಲಿ, ಮರಳಿನ ಪದರವಿಲ್ಲದಿದ್ದರೆ ಕೆಂಪು ಮಣ್ಣಿಗೆ ಅವು ಎರಡು ಮಳೆಗಾಲದಲ್ಲಿ ಮುಚ್ಚಿಹೋಗುತ್ತವೆ.

ಕಾನೂನಿನ ವಿಷಯ ಚಿಕ್ಕದಾಗಿ. ಕೇಂದ್ರದ 2017ರ ಜೌಗುಪ್ರದೇಶ ನಿಯಮಗಳು ಒತ್ತುವರಿಯನ್ನೂ ಕಸ ಸುರಿಯುವುದನ್ನೂ ನಿಷೇಧಿಸುತ್ತವೆ. ದೋಣಿಕಟ್ಟೆ ಬಿಟ್ಟು ಬೇರೆ ಯಾವುದೇ ಶಾಶ್ವತ ನಿರ್ಮಾಣ, ಹತ್ತು ವರ್ಷಗಳಲ್ಲಿ ಕಂಡ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಒಳಗೆ ಕೂಡದು ಎನ್ನುತ್ತವೆ. ಗಮನಿಸಿ, ಗರಿಷ್ಠ ಮಟ್ಟದಿಂದ, ಮಾರ್ಚ್‌ನ ಮಟ್ಟದಿಂದಲ್ಲ. ನೀರಾವರಿಗೆಂದೇ ಕಟ್ಟಿದ ಕೆರೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ ಎಂಬ ವಿನಾಯಿತಿಯೂ ಅದರಲ್ಲೇ ಇದೆ, ಯೋಜನೆಯವರು ಅದನ್ನು ಎತ್ತಬಹುದು. ದೊಡ್ಡಕೆರೆ ಒರತೆ ನೀರಿನ ಸಹಜ ತಗ್ಗು. ಒಂದು ಬದಿಗೆ ಮಾತ್ರ ಏರಿ ಇದೆ. ವಾದ ಏನೇ ಇರಲಿ, ಕೆರೆ-ಹೊಂಡದ ಜಾಗವನ್ನು ನಿವೇಶನವಾಗಿ ಹಂಚುವುದು ಸಲ್ಲದು ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಪೈಸಾರಿ ಎಂದು ಬರೆದ ಮಾತ್ರಕ್ಕೆ ಕೆರೆಯಂಗಳ ಖಾಲಿ ಜಾಗವಾಗುವುದಿಲ್ಲ.

ಈಗಾಗಲೇ ಬಡಗಣ ಮೂಲೆಯಲ್ಲಿ ನಲವತ್ತರಷ್ಟು ಲೋಡ್ ಮಣ್ಣು ಬಿದ್ದಿದೆ. ಮಳೆಗೆ ಆರೇಳು ವಾರ ಉಳಿದಿದೆ, ಅಷ್ಟರೊಳಗೆ ತೆಗೆಯದಿದ್ದರೆ ಅದು ಕೆರೆಯೊಳಗೇ ಹೋಗುತ್ತದೆ. ತೆಗೆಯುವಾಗಲೂ ಎಚ್ಚರ ಬೇಕು. ಕೆಂಪು ಮಣ್ಣು ಮುಗಿದು ಬೂದು ಮಣ್ಣು ಕಂಡ ಕೂಡಲೇ ಜೆಸಿಬಿ ನಿಲ್ಲಬೇಕು. ಹುಲ್ಲು, ಜೊಂಡಿನ ಬೀಜ ಮತ್ತು ಗೆಡ್ಡೆ ಇರುವುದು ಆ ಮೇಲಿನ ಒಂದು ಗೇಣಿನಲ್ಲೇ. 'ಹೇಗೂ ಯಂತ್ರ ಬಂದಿದೆ, ಆಳ ಮಾಡೋಣ' ಎಂದು ಬಾಣಲೆಯಂತೆ ತೋಡಿದರೆ ತುಂಬಿದಷ್ಟೇ ಹಾಳು. ಒಂದು ಅಡಿ ಇಳಿಯಲು ಕನಿಷ್ಠ ಐದಾರು ಅಡಿ ದೂರ ಸಾಗುವ ಇಳಿಜಾರು ಉಳಿಯಲಿ. ಗಿಡ ನೆಡುವ ಕಾರ್ಯಕ್ರಮ ಬೇಡ. ಒಂದು ಮಳೆಗಾಲ ದನ ಬಿಡದಿದ್ದರೆ ತಾನಾಗಿ ಚಿಗುರುತ್ತದೆ. ಮೇಲಿನ ತೋಡು ಕೆರೆಗೆ ಸೇರುವ ಬಾಯಲ್ಲಿ ಒಂದು ಹೂಳುಗುಂಡಿ ತೋಡಿ, ಪ್ರತಿ ಬೇಸಿಗೆ ಅದನ್ನು ಖಾಲಿ ಮಾಡಿದರೆ ಯೋಜನೆಯ ಹಣದ ಸಣ್ಣ ಪಾಲಿನಲ್ಲೇ ಕೆರೆಗೆ ನಿಜವಾದ ಉಪಕಾರವಾಗುತ್ತದೆ.

ವಾಹನ ನಿಲ್ಲಿಸಲು ಸಂತೆ ಮೈದಾನ ವಾರದಲ್ಲಿ ಆರು ದಿನ ಖಾಲಿ ಇರುತ್ತದೆ, ಕೆರೆಗೆ ಅಲ್ಲಿಂದ ಐದು ನಿಮಿಷದ ನಡಿಗೆ. ನಡೆಯಲು ಏರಿಯ ಮೇಲಿನ ದಾರಿ ಮೊದಲಿನಿಂದಲೂ ಇದೆ.

ಕೆಲಸ ನಿಲ್ಲಿಸಿ, ಆಗಸ್ಟ್ ಎರಡನೇ ವಾರದಲ್ಲಿ ಸರ್ವೆಯವರು ಬಂದು ನೀರಿನ ಅಂಚಿಗೆ ಗಡಿಕಲ್ಲು ಹಾಕಲಿ ಎಂದು ಜಿಲ್ಲಾಡಳಿತವನ್ನು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇವೆ. ಚೈನು ಹಿಡಿಯಲು, ಕಲ್ಲು ಹೊರಲು ಜನ ನಾವು ಕೊಡುತ್ತೇವೆ. ಗಂಬೂಟು ಮಾತ್ರ ಅವರೇ ತರಲಿ; ಈಗ ಗೂಟ ನೆಟ್ಟ ಕಡೆ ಆಗ ಮೊಣಕಾಲುದ್ದ ನೀರಿರುತ್ತದೆ.

ಇತಿ ತಮ್ಮ ವಿಶ್ವಾಸಿಗಳು,
ದೊಡ್ಡಕೆರೆ ಅಚ್ಚುಕಟ್ಟಿನ ಗದ್ದೆ ಮತ್ತು ತೋಟದ 23 ಕುಟುಂಬಗಳವರು