ವಿಷಯ: ವಿಫಲ ಲಾಗಿನ್ ಯತ್ನಗಳಿಂದ ಸ್ಥಗಿತಗೊಂಡ ನೆಟ್ ಬ್ಯಾಂಕಿಂಗ್ ಸೌಲಭ್ಯವನ್ನು ಮರಳಿ ಒದಗಿಸುವ ಬಗ್ಗೆ (ಉಳಿತಾಯ ಖಾತೆ, ಕೊನೆಯ ನಾಲ್ಕು ಅಂಕಿ 3806)

ದಿನಾಂಕ: 17 ನವೆಂಬರ್ 2025, ಸೋಮವಾರ

ಇವರಿಗೆ: ಶಾಖಾ ವ್ಯವಸ್ಥಾಪಕರು, ಶಿರಸಿ ಶಾಖೆ
ಪ್ರತಿ: ಶಾಖಾ ವ್ಯವಸ್ಥಾಪಕರು, ಸರಸ್ವತೀಪುರಂ ಶಾಖೆ, ಮೈಸೂರು

ಮಾನ್ಯರೇ,

ನಾನು ಅಂಚೆ ಇಲಾಖೆಯ ನಿವೃತ್ತ ನೌಕರಳು. ನಿಮ್ಮ ಶಿರಸಿ ಶಾಖೆಯಲ್ಲಿ 1994ರಿಂದ ಉಳಿತಾಯ ಖಾತೆ ಹೊಂದಿದ್ದೇನೆ, ನನ್ನ ಪಿಂಚಣಿಯೂ ಇದೇ ಖಾತೆಗೆ ಜಮಾ ಆಗುತ್ತದೆ. ಕಳೆದ ವಾರ ನಾನು ಪದೇ ಪದೇ ತಪ್ಪು ಪಾಸ್‌ವರ್ಡ್ ಹಾಕಿದ್ದರಿಂದ ನೆಟ್ ಬ್ಯಾಂಕಿಂಗ್ ಪ್ರವೇಶ ಸ್ಥಗಿತಗೊಂಡಿದ್ದು, ಈಗ ಪರದೆಯ ಮೇಲೆ ಶಾಖೆಯನ್ನು ಸಂಪರ್ಕಿಸಿ ಎಂಬ ಸೂಚನೆ ಮಾತ್ರ ಬರುತ್ತಿದೆ. ಯಜಮಾನರ ಮೊಣಕಾಲಿನ ಶಸ್ತ್ರಚಿಕಿತ್ಸೆಗಾಗಿ ನಾನು ಸೆಪ್ಟೆಂಬರಿನಿಂದ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಅವರನ್ನು ಬಿಟ್ಟು ರಾತ್ರಿ ಬಸ್ಸಿನಲ್ಲಿ ಶಿರಸಿಗೆ ಬಂದುಹೋಗುವ ಸ್ಥಿತಿಯಲ್ಲಿ ಸದ್ಯ ಇಲ್ಲವಾದ್ದರಿಂದ, ನನ್ನ ಗುರುತಿನ ಪರಿಶೀಲನೆಯನ್ನು ನಿಮ್ಮದೇ ಬ್ಯಾಂಕಿನ ಸರಸ್ವತೀಪುರಂ ಶಾಖೆಯಲ್ಲಿ ಮಾಡಿಸಿ ಪ್ರವೇಶವನ್ನು ಮರಳಿ ತೆರೆದುಕೊಡಬೇಕೆಂದು ಕೋರುತ್ತೇನೆ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನವೆಂಬರ್ 12ರ ಬುಧವಾರ ಸಂಜೆ ಮಗಳ ಲ್ಯಾಪ್‌ಟಾಪಿನಲ್ಲಿ ಕನ್ನಡದಲ್ಲಿ ಒಂದು ಪತ್ರ ಬರೆದು ಮುಗಿಸಿ, ಹಾಗೆಯೇ ಬ್ಯಾಂಕಿನ ಪುಟ ತೆರೆದೆ. ಯೂಸರ್ ಐಡಿಯನ್ನು ಲ್ಯಾಪ್‌ಟಾಪ್ ತಾನೇ ನೆನಪಿಟ್ಟು ತುಂಬಿಕೊಟ್ಟಿದ್ದರಿಂದ ನಾನು ಒತ್ತಬೇಕಾದದ್ದು ಪಾಸ್‌ವರ್ಡ್ ಮಾತ್ರ ಆಗಿತ್ತು. 7 ಗಂಟೆ 10 ನಿಮಿಷಕ್ಕೆ ಒಮ್ಮೆ, 7.12ಕ್ಕೆ ಇನ್ನೊಮ್ಮೆ, 7.15ಕ್ಕೆ ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿ ಮತ್ತೊಮ್ಮೆ, ಹೀಗೆ ಮೂರು ಸಲವೂ ಪಾಸ್‌ವರ್ಡ್ ತಪ್ಪು ಎಂದೇ ಬಂತು. ಕೊನೆಗೆ 24 ಗಂಟೆಗಳ ಕಾಲ ಪ್ರವೇಶ ತಡೆಹಿಡಿಯಲಾಗಿದೆ ಎಂಬ ಎಸ್ಸೆಮ್ಮೆಸ್ ಬಂತು. ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಕೀಲಿಮಣೆ ಇನ್ನೂ ಕನ್ನಡದಲ್ಲಿತ್ತು. ಒತ್ತಿದ್ದೆಲ್ಲ ಕಪ್ಪು ಚುಕ್ಕೆಯಾಗಿ ಕಾಣುವ ಆ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರದ ಬದಲು ಕನ್ನಡ ಅಕ್ಷರ ಬೀಳುತ್ತಿರುವುದು ನನಗೆ ಹೇಗೆ ತಿಳಿಯಬೇಕು? ಅರ್ಧ ಗಂಟೆಯ ನಂತರ ಖಾಲಿ ಪುಟವೊಂದರಲ್ಲಿ ಅದೇ ಕೀಲಿಗಳನ್ನು ಒತ್ತಿ ನೋಡಿದಾಗ ಗುಣಿತಾಕ್ಷರಗಳು ಸಾಲುಗಟ್ಟಿದವು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೌಂಟರಿನಲ್ಲಿ ಕುಳಿತು ಬೇರೆಯವರ ಸಹಿಯನ್ನು ಹೊಂದಿಸಿ ನೋಡಿದವಳು ನನ್ನ ಪಾಸ್‌ವರ್ಡನ್ನೇ ಹೊಂದಿಸಲಾಗದೆ ಹೋದದ್ದಕ್ಕೆ ಮನೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಷ್ಟಕ್ಕೇ ನಿಂತಿದ್ದರೆ ನಿಮಗೆ ತೊಂದರೆ ಕೊಡುತ್ತಿರಲಿಲ್ಲ. ಮುನ್ನೆಚ್ಚರಿಕೆಗಾಗಿ ಪಾಸ್‌ವರ್ಡನ್ನೇ ಬದಲಾಯಿಸೋಣವೆಂದು 14ರ ಬೆಳಿಗ್ಗೆ ‘ಪಾಸ್‌ವರ್ಡ್ ಮರೆತಿದ್ದೀರಾ’ ಎಂಬಲ್ಲಿಗೆ ಹೋದೆ. ಅಲ್ಲಿ ಎಟಿಎಂ ಕಾರ್ಡಿನ ಮೂಲಕ ಅಥವಾ ಪ್ಯಾನ್ ಸಂಖ್ಯೆ ಮತ್ತು ಜನ್ಮದಿನಾಂಕದ ಮೂಲಕ ಮುಂದುವರಿಯಬಹುದು. ನನ್ನ ಕಾರ್ಡಿನ ಅವಧಿ ಅಕ್ಟೋಬರಿಗೆ ಮುಗಿದಿದ್ದು, ನೀವು ಕಳುಹಿಸಿದ ಹೊಸ ಕಾರ್ಡಿನ ಲಕೋಟೆ ಶಿರಸಿಯಲ್ಲಿ ಪಕ್ಕದ ಮನೆಯವರ ಬಳಿ ಒಡೆಯದೆ ಇದೆ. ಹಾಗಾಗಿ ಎರಡನೆಯ ದಾರಿ ಹಿಡಿದೆ. ಒಟಿಪಿ ನನ್ನ ಮೊಬೈಲಿಗೆ (ಕೊನೆಯ ನಾಲ್ಕು ಅಂಕಿ 4471) ಸರಿಯಾಗಿಯೇ ಬಂತು. ಆದರೆ ಜನ್ಮದಿನಾಂಕ ಹಾಕಿದೊಡನೆ ವಿವರಗಳು ದಾಖಲೆಯೊಂದಿಗೆ ಹೊಂದಿಕೆಯಾಗುತ್ತಿಲ್ಲ ಎಂದು ಎರಡು ಬಾರಿ ತಿರಸ್ಕೃತವಾಗಿ, ಆ ಬಳಿಕ ಪ್ರವೇಶ ಪೂರ್ತಿಯಾಗಿ ಮುಚ್ಚಿತು.

ಇದರ ಮೂಲ ನಿಮ್ಮ ದಾಖಲೆಯಲ್ಲಿರಬಹುದು ಎಂಬುದು ನನ್ನ ಊಹೆ. ನಾನು ಹುಟ್ಟಿದ್ದು 1960ರ ಜೂನ್ 1ರಂದು. ಶಾಖೆಯ ಲೆಕ್ಕಪತ್ರಗಳು ಲೆಡ್ಜರಿನಿಂದ ಕಂಪ್ಯೂಟರಿಗೆ ಬಂದಾಗ 01-06-1960 ಎಂಬುದು ದಿನ ಮತ್ತು ತಿಂಗಳು ಅದಲು ಬದಲಾಗಿ 06-01-1960 ಎಂದು ಏರಿರುವ ಸಾಧ್ಯತೆ ಇದೆ; ಇದುವರೆಗೆ ಎಲ್ಲ ಕೆಲಸವೂ ಕಾರ್ಡಿನ ಮೂಲಕವೇ ನಡೆದಿದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ. ದಯವಿಟ್ಟು ಪರಿಶೀಲಿಸಿ. ನನ್ನ ಪಿಂಚಣಿ ಪಾವತಿ ಆದೇಶದಲ್ಲಿ ಜನ್ಮದಿನಾಂಕ 01-06-1960 ಎಂದೂ ನಿವೃತ್ತಿಯ ದಿನಾಂಕ 31-05-2020 ಎಂದೂ ಇದೆ. ತಿಂಗಳ ಮೊದಲ ದಿನ ಹುಟ್ಟಿದ ಕೇಂದ್ರ ಸರ್ಕಾರಿ ನೌಕರರು ಅರವತ್ತು ತುಂಬುವ ಮುನ್ನಾ ದಿನ, ಅಂದರೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ನಾನು ಜನವರಿ 6ರಂದು ಹುಟ್ಟಿದ್ದರೆ ಜನವರಿ 31ಕ್ಕೇ ಮನೆಗೆ ಹೋಗಬೇಕಿತ್ತು. ಉಳಿದ ನಾಲ್ಕು ತಿಂಗಳ ಸಂಬಳವನ್ನು ಇಲಾಖೆ ಸುಮ್ಮನೆ ಕೊಡುತ್ತಿರಲಿಲ್ಲ.

ಗುರುತಿನ ಪುರಾವೆಯಾಗಿ ಈ ಮೇಲ್‌ನೊಂದಿಗೆ ಐದು ನಕಲುಗಳನ್ನು ಲಗತ್ತಿಸಿದ್ದೇನೆ: ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಆಧಾರ್, ಪ್ಯಾನ್ ಕಾರ್ಡ್, ಮತದಾರರ ಗುರುತಿನ ಚೀಟಿ, ಯಜಮಾನರ ಜೊತೆಗಿನ ಫೋಟೋ ಅಂಟಿಸಿದ ಪಿಂಚಣಿ ಪಾವತಿ ಆದೇಶದ ಪುಟ, ಮತ್ತು ಪಾಸ್‌ಬುಕ್ಕಿನ ಮೊದಲ ಪುಟ. ಪ್ರತಿಯೊಂದರ ಮೇಲೂ ‘ನೆಟ್ ಬ್ಯಾಂಕಿಂಗ್ ಮರುಚಾಲನೆಗೆ ಮಾತ್ರ, 17-11-2025’ ಎಂದು ಅಡ್ಡಲಾಗಿ ಬರೆದು ಸಹಿ ಮಾಡಿದ್ದೇನೆ. ಮೇಲ್‌ನಲ್ಲಿ ಪೂರ್ಣ ಆಧಾರ್ ಸಂಖ್ಯೆ, ಪೂರ್ಣ ಖಾತೆ ಸಂಖ್ಯೆ ಕಳುಹಿಸಲು ನನಗೆ ಮನಸ್ಸಿಲ್ಲ. ಅವುಗಳ ಮೂಲ ದಾಖಲೆಗಳನ್ನು ಶಾಖೆಯಲ್ಲಿ ನಿಮ್ಮ ಸಿಬ್ಬಂದಿಯ ಮುಂದೆ ಇಡುತ್ತೇನೆ, ಮಾದರಿ ಸಹಿಯನ್ನೂ ಅಲ್ಲಿಯೇ ಮಾಡಿಕೊಡುತ್ತೇನೆ, ಅಗತ್ಯವಿದ್ದರೆ ಬೆರಳಚ್ಚಿನ ಮೂಲಕ ಆಧಾರ್ ದೃಢೀಕರಣಕ್ಕೂ ಸಿದ್ಧಳಿದ್ದೇನೆ.

ಈ ದಾಖಲೆಗಳಲ್ಲಿ ನನ್ನ ಹೆಸರು ಒಂದೇ ರೀತಿ ಇಲ್ಲದಿರುವುದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಪಾಸ್‌ಬುಕ್ಕಿನಲ್ಲಿ S. G. HEGDE ಎಂದಿದೆ; 1994ರಲ್ಲಿ ಅರ್ಜಿ ತುಂಬಿದಾಗ ಇನಿಷಿಯಲ್ ಸಾಕಾಗಿತ್ತು. ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ SUMANGALA GANAPATI HEGDE ಎಂದು ಮುದ್ರಿಸಿದ್ದಾರೆ. ಆಧಾರ್‌ನಲ್ಲಿ ಕನ್ನಡದ ಹೆಸರು ಸರಿಯಾಗಿದ್ದರೂ ಇಂಗ್ಲಿಷಿನಲ್ಲಿ Hegade ಎಂದು ಒಂದು ಅಕ್ಷರ ಹೆಚ್ಚಾಗಿ ಸೇರಿದೆ. ಕನ್ನಡದಲ್ಲಿ ಬರೆದರೆ ಮೂರೂ ಹೆಗಡೆಯೇ. ‘ಜಿ’ ಎಂಬುದು ಯಜಮಾನರಾದ ಗಣಪತಿ ಹೆಗಡೆಯವರ ಹೆಸರು. ಪಿಂಚಣಿ ಪಾವತಿ ಆದೇಶದಲ್ಲಿ ನನ್ನ ಪೂರ್ಣ ಹೆಸರು, ಅವರ ಹೆಸರು, ಇಬ್ಬರ ಫೋಟೋ ಮತ್ತು ನಿಮ್ಮ ಶಾಖೆಯ ಹೆಸರು ಒಂದೇ ಪುಟದಲ್ಲಿ ಇರುವುದರಿಂದ ಈ ಮೂವರೂ ಒಬ್ಬಳೇ ಎಂಬುದಕ್ಕೆ ಅದೇ ಸಾಕ್ಷಿಯಾಗಬಹುದು. ಸಾಲದೆಂದಾದರೆ ನೋಟರಿಯವರಿಂದ ಪ್ರಮಾಣಪತ್ರ ಮಾಡಿಸಿ ತರುತ್ತೇನೆ, ಆದರೆ ಅದು ಬೇಕೋ ಬೇಡವೋ ಎಂಬುದನ್ನು ಮೊದಲೇ ತಿಳಿಸಿದರೆ ಎರಡು ಸಲ ಓಡಾಡುವುದು ತಪ್ಪುತ್ತದೆ.

ಇನ್ನೊಂದು ಸಂಗತಿಯನ್ನು ನೀವು ಗಂಭೀರವಾಗಿ ನೋಡಬೇಕು. 13ರ ಮಧ್ಯಾಹ್ನ 2 ಗಂಟೆ 40 ನಿಮಿಷಕ್ಕೆ, ಅಂದರೆ ತಡೆ ಇನ್ನೂ ಜಾರಿಯಲ್ಲಿದ್ದಾಗ, ಮತ್ತೊಂದು ಲಾಗಿನ್ ಯತ್ನ ವಿಫಲವಾಗಿದೆ ಎಂಬ ಎಸ್ಸೆಮ್ಮೆಸ್ ಬಂದಿದೆ. ಆ ಹೊತ್ತಿಗೆ ನಾನು ಯಜಮಾನರ ಜೊತೆ ಆಸ್ಪತ್ರೆಯಲ್ಲಿದ್ದೆ, ಲ್ಯಾಪ್‌ಟಾಪ್ ಮನೆಯಲ್ಲಿ ಮುಚ್ಚಿತ್ತು, ಮಗಳು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಆ ಯತ್ನ ನನ್ನದಲ್ಲ. ಅದೇ ಸಂಜೆ ಬ್ಯಾಂಕಿನವರೆಂದು ಹೇಳಿಕೊಂಡ ಒಬ್ಬರು ಫೋನ್ ಮಾಡಿ, ಒಂದು ಆ್ಯಪ್ ಹಾಕಿಕೊಂಡು ಪರದೆ ತೋರಿಸಿದರೆ ಅಕೌಂಟ್ ಕೂಡಲೇ ತೆರೆದುಕೊಡುತ್ತೇವೆ ಎಂದರು. ನಾನು ಏನನ್ನೂ ಹೇಳದೆ ಫೋನ್ ಇಟ್ಟೆ. ಆ ಸಂಖ್ಯೆಯನ್ನು ಸಂಚಾರ್ ಸಾಥಿ ಪೋರ್ಟಲ್‌ನ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಿದ್ದೇನೆ. 15ರಂದು ಮಿಸ್ಡ್ ಕಾಲ್ ಮೂಲಕ ಪಡೆದ ಬಾಕಿಯ ಎಸ್ಸೆಮ್ಮೆಸ್ ನೋಡಿದರೆ ಹಣವೇನೂ ಹೋಗಿಲ್ಲ. ಆದರೂ ಆ ಮಧ್ಯಾಹ್ನದ ಯತ್ನ ಯಾವ ಸಾಧನದಿಂದ, ಯಾವ ಊರಿನಿಂದ ಆಯಿತೆಂದು ನಿಮ್ಮ ದಾಖಲೆಯಲ್ಲಿ ನೋಡಿ ಲಿಖಿತವಾಗಿ ತಿಳಿಸಬೇಕು. ಹಳೆಯ ಪಾಸ್‌ವರ್ಡನ್ನೇ ಮತ್ತೆ ಚಾಲ್ತಿಗೆ ತರುವುದು ಬೇಡ. ಯೂಸರ್ ಐಡಿ ಬದಲಿಸಲು ಸಾಧ್ಯವಿದ್ದರೆ ಅದನ್ನೂ ಬದಲಿಸಿಕೊಡಿ.

ಆತುರ ಪಡುತ್ತಿರುವುದಕ್ಕೆ ಕಾರಣವಿದೆ. ನೆಟ್ ಬ್ಯಾಂಕಿಂಗ್ ಮೂಲಕವೇ ತೆರೆದ ₹2,50,000 ಮೊತ್ತದ ನಿಶ್ಚಿತ ಠೇವಣಿಯ ಅವಧಿ ನವೆಂಬರ್ 28ಕ್ಕೆ ಮುಗಿಯುತ್ತದೆ, ಮತ್ತು ಅದು ತಾನಾಗಿಯೇ ನವೀಕರಣಗೊಳ್ಳುವಂತೆ ನಾನೇ ಹಿಂದೆ ಸೂಚನೆ ಕೊಟ್ಟಿದ್ದೆ. ಯಜಮಾನರ ಇನ್ನೊಂದು ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಡಿಸೆಂಬರ್ 1ರೊಳಗೆ ₹1,40,000 ಮುಂಗಡ ಕಟ್ಟಬೇಕಾಗಿರುವುದರಿಂದ ಈ ಸೂಚನೆಯನ್ನು ಅದಕ್ಕೂ ಮೊದಲು ಬದಲಿಸಬೇಕು. ಒಂದು ವೇಳೆ 27ರೊಳಗೆ ನೆಟ್ ಬ್ಯಾಂಕಿಂಗ್ ತೆರೆಯಲು ಆಗದಿದ್ದರೆ, ಠೇವಣಿಯನ್ನು ನವೀಕರಿಸದೆ ಅಸಲು ಮತ್ತು ಬಡ್ಡಿಯನ್ನು ಇದೇ ಉಳಿತಾಯ ಖಾತೆಗೆ ಜಮಾ ಮಾಡಲು ಈ ಪತ್ರವನ್ನೇ ನನ್ನ ಮನವಿ ಎಂದು ಭಾವಿಸಿ, ಅದಕ್ಕೆ ಬೇಕಾದ ಫಾರಂಗೆ ಮೈಸೂರಿನ ಶಾಖೆಯಲ್ಲೇ ನನ್ನ ಸಹಿ ಪಡೆಯಿರಿ.

ಬುಧವಾರ, ನವೆಂಬರ್ 19ರಂದು ಬೆಳಿಗ್ಗೆ 10.30ಕ್ಕೆ ಎಲ್ಲ ಮೂಲ ದಾಖಲೆಗಳೊಂದಿಗೆ ಸರಸ್ವತೀಪುರಂ ಶಾಖೆಗೆ ಬರುತ್ತೇನೆ. ಪಿಂಚಣಿದಾರರು ಈ ತಿಂಗಳು ಕೊಡಬೇಕಾದ ಜೀವಿತ ಪ್ರಮಾಣಪತ್ರವನ್ನೂ ಅಂದೇ ಸಲ್ಲಿಸುವ ಯೋಚನೆಯಿದೆ. ಬದುಕಿದ್ದೇನೆ ಎಂದು ಒಂದು ಮೇಜಿನಲ್ಲಿ, ನಾನು ನಾನೇ ಎಂದು ಇನ್ನೊಂದು ಮೇಜಿನಲ್ಲಿ ಒಟ್ಟಿಗೇ ಸಾಬೀತುಪಡಿಸಿದಂತಾಗುತ್ತದೆ. ಅಷ್ಟರೊಳಗೆ ಶಿರಸಿ ಶಾಖೆಯಿಂದ ನನ್ನ ಮಾದರಿ ಸಹಿ ಮತ್ತು ಗ್ರಾಹಕ ವಿವರಗಳನ್ನು ಖಚಿತಪಡಿಸಿ ಅಲ್ಲಿಗೆ ಒಂದು ಮೇಲ್ ಕಳುಹಿಸಿದರೆ ಕೆಲಸ ಸುಲಭವಾಗುತ್ತದೆ. ಬೇರೆ ಶಾಖೆಯಲ್ಲಿ ಪರಿಶೀಲನೆ ಸಾಧ್ಯವಿಲ್ಲ ಎಂದಾದರೆ, ರಿಸರ್ವ್ ಬ್ಯಾಂಕ್ 2020ರಿಂದ ಅವಕಾಶ ಕೊಟ್ಟಿರುವ ವಿಡಿಯೋ ಮೂಲಕದ ಗುರುತಿನ ಪರಿಶೀಲನೆಗೆ ಸಮಯ ನಿಗದಿ ಮಾಡಿ. ಬೆಳಗಿನ ಹೊತ್ತು ಯಾವ ದಿನವಾದರೂ ಆದೀತು.

ಹೊಸ ಪಾಸ್‌ವರ್ಡನ್ನು ಮುದ್ರಿತ ಲಕೋಟೆಯಲ್ಲಿ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನು ಶಿರಸಿಯ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸದೆ ಶಾಖೆಯಲ್ಲಿ ನನ್ನ ಕೈಗೇ ಕೊಡಬೇಕು. ಅಂಚೆಯ ಮೇಲೆ ನನಗೆ ನಂಬಿಕೆ ಇಲ್ಲವೆಂದಲ್ಲ, ಮನೆಗೆ ಬೀಗ ಹಾಕಿದೆ. ಹಾಗೆಯೇ ಖಾತೆ ನೋಡಲು ಮಾತ್ರವಲ್ಲದೆ ಹಣ ವರ್ಗಾಯಿಸಲೂ ಮೊದಲಿದ್ದ ಅನುಮತಿಯನ್ನು ಉಳಿಸಿಕೊಡಿ. ಜನ್ಮದಿನಾಂಕದ ತಿದ್ದುಪಡಿ ಮತ್ತು ಹೆಸರಿನ ಪೂರ್ಣ ರೂಪದ ಸೇರ್ಪಡೆಗೆ ಪ್ರತ್ಯೇಕ ಅರ್ಜಿ ಬೇಕಿದ್ದರೆ ಅದನ್ನೂ ಬುಧವಾರವೇ ತುಂಬಿಕೊಡುತ್ತೇನೆ.

ಉತ್ತರವನ್ನು ನೋಂದಾಯಿತವಾಗಿರುವ ಈ ಮೇಲ್ ವಿಳಾಸಕ್ಕೇ ಕಳುಹಿಸಿ. ಮೊನ್ನೆಯ ಕರೆಯ ನಂತರ, ಬ್ಯಾಂಕಿನಿಂದ ಎಂದು ಹೇಳುವ ಯಾವ ಫೋನಿಗೂ ವಿವರ ಕೊಡುವುದಿಲ್ಲವೆಂದು ನಿರ್ಧರಿಸಿದ್ದೇನೆ. ನಿಮ್ಮ ಸಿಬ್ಬಂದಿಯೇ ಕರೆ ಮಾಡಿ ನನ್ನಿಂದ ಬಿರುಸಾದ ಉತ್ತರ ಕೇಳಬೇಕಾಗಿ ಬಂದರೆ ದಯವಿಟ್ಟು ಮನ್ನಿಸಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸುಮಂಗಲಾ ಗಣಪತಿ ಹೆಗಡೆ
(ಪಾಸ್‌ಬುಕ್ಕಿನಲ್ಲಿ ಎಸ್. ಜಿ. ಹೆಗಡೆ)
ಸದ್ಯದ ವಾಸ: ಮೈಸೂರು, ಖಾಯಂ ವಿಳಾಸ: ಶಿರಸಿ, ಉತ್ತರ ಕನ್ನಡ ಜಿಲ್ಲೆ
ಲಗತ್ತು: ಸಹಿ ಮಾಡಿದ ಐದು ನಕಲುಗಳು, 12, 13 ಮತ್ತು 14ರ ಎಸ್ಸೆಮ್ಮೆಸ್‌ಗಳ ಚಿತ್ರ